ನೀರು ಯಾರದ್ದೇ ಇರಲಿ, ಹಿಡಿದ ಬೋಟನ್ನ ಬಿಡೋದು ಯಾವಾಗ?

ಪಬ್ಲಿಕ್ ಇಂಟರ್‌ನ್ಯಾಷನಲ್ ಲಾ ಪೇಪರಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ಬಂದೇ ಬರತ್ತೆ. ಎರಡು ದೇಶ, ನಡುವೆ ಗಡಿ ತೀರ್ಮಾನ ಆಗದ ಸಮುದ್ರ, ಒಂದು ದೇಶದ ಮೀನುಗಾರಿಕೆ ಬೋಟನ್ನ ಇನ್ನೊಂದು ದೇಶದ ಗಸ್ತು ಹಡಗು ಹಿಡ್ಕೊಂಡು ಹೋಗತ್ತೆ, ಈಗ ಯಾರಿಗೆ ಏನು ಹಕ್ಕು ಹೇಳಿ ಅಂತ. ಪುಣೆಯಲ್ಲಿ ಲಾ ಓದೋ ನಮ್ಮ ಕಡೆ ಹುಡುಗರಿಗೆ ಭಾನುವಾರ ಪಾಠ ಹೇಳೋವಾಗ ನೋಡಿದ್ದೀನಿ, ಬಹುತೇಕರು "ಮೊದಲು ಆ ನೀರು ಯಾರದ್ದು ಅಂತ ನೋಡೋಣ" ಅಂತ ಶುರು ಮಾಡ್ತಾರೆ, ಮಧ್ಯರೇಖೆ, ಬೇಸ್‌ಲೈನ್, ಇತಿಹಾಸ ಅಂತ ಪುಟಗಟ್ಟಲೆ ಬರೀತಾರೆ, ಅಷ್ಟರಲ್ಲಿ ಟೈಮ್ ಮುಗಿದಿರತ್ತೆ, ಬೋಟಲ್ಲಿದ್ದ ಏಳು ಜನ ಉತ್ತರದ ಕೊನೇ ಸಾಲಲ್ಲೂ ಜೈಲಲ್ಲೇ ಇರ್ತಾರೆ. ನನ್ನ ಪ್ರಕಾರ ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಕೇಳಬೇಕಾದ್ದು ಬೇರೆ: ನೀರು ಹಿಡಿದವರದ್ದೇ ಅಂತ ಒಪ್ಪಿಕೊಂಡ್ರೂ ಅವರು ಇಷ್ಟೆಲ್ಲ ಮಾಡಬಹುದಾ?

ಊಹೆಯ ದೇಶಗಳ ಬದಲು ನಮ್ಮ ಪಕ್ಕದ್ದನ್ನೇ ತಗೊಳ್ಳೋಣ, ಸರ್ ಕ್ರೀಕ್. ಕಛ್ ರಣ್ ಪಕ್ಕದಲ್ಲಿ ಸುಮಾರು 96 ಕಿಲೋಮೀಟರ್ ಉದ್ದದ, ಉಬ್ಬರ ಇಳಿತ ಆಡೋ ಕೆಸರಿನ ಅಳಿವೆ ಅದು. ಒಂದು ಕಡೆ ಗುಜರಾತ್, ಇನ್ನೊಂದು ಕಡೆ ಸಿಂಧ್. ಈ ಜಗಳದ ಕಾಗದಗಳು ಮುಂಬೈನಲ್ಲೇ ಹುಟ್ಟಿದ್ದು, ಯಾಕಂದ್ರೆ 1936ರವರೆಗೆ ಸಿಂಧ್ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಕಛ್‌ನ ರಾಜರಿಗೂ ಸಿಂಧ್ ಆಡಳಿತಕ್ಕೂ ಸೌದೆ ವಿಷ್ಯಕ್ಕೆ ತಕರಾರು ಬಂದಾಗ ಬಾಂಬೆ ಸರ್ಕಾರ 1914ರಲ್ಲಿ ಒಂದು ನಿರ್ಣಯ ಮಾಡಿ ನಕ್ಷೆ ಸೇರಿಸಿತು. ಆ ನಕ್ಷೇಲಿ ಅಳಿವೆಯ ಪೂರ್ವದ ದಂಡೆ ಮೇಲೆ ಹಸಿರು ಗೆರೆ ಇದೆ, ಅದನ್ನ ಹಿಡ್ಕೊಂಡು ಪಾಕಿಸ್ತಾನ ಇಡೀ ಅಳಿವೆ ನಮ್ದು ಅನ್ನತ್ತೆ. ಅದೇ ನಿರ್ಣಯದಲ್ಲಿ ದೋಣಿ ಓಡಾಡೋ ನೀರಿನ ನಡುಗಾಲುವೆ ಗಡಿ ಅನ್ನೋ ಅರ್ಥದ ಮಾತೂ ಇದೆ, 1925ರ ನಕ್ಷೆ ಗಡೀನ ನಡುವಲ್ಲೇ ತೋರಿಸತ್ತೆ, ಅದನ್ನ ಹಿಡ್ಕೊಂಡು ಭಾರತ ಅರ್ಧ ನಮ್ದು ಅನ್ನತ್ತೆ. 1968ರಲ್ಲಿ ಕಛ್ ಟ್ರಿಬ್ಯೂನಲ್ ತೀರ್ಪು ಬಂತು, ಆದ್ರೆ ಅದು ರಣ್ ಬಗ್ಗೆ, ಸರ್ ಕ್ರೀಕ್ ಅದರ ಹೊರಗೆ ಉಳೀತು. ಆಮೇಲೆ ಎಷ್ಟೋ ಸುತ್ತು ಮಾತುಕತೆ ಆಯ್ತು, 2007ರಲ್ಲಿ ಇಬ್ಬರೂ ಸೇರಿ ಸರ್ವೆ ಕೂಡ ಮಾಡಿದ್ರು, ಗಡಿ ಮಾತ್ರ ಆಗಲಿಲ್ಲ.

ಕೆಸರು ಅಳಿವೆಗೆ ಯಾಕಿಷ್ಟು ಹಠ ಅಂದ್ರೆ, ಸಮುದ್ರದ ಗಡಿ ಎಳೆಯೋದು ನೆಲದ ಗಡಿ ಎಲ್ಲಿ ನೀರಿಗೆ ಮುಟ್ಟತ್ತೋ ಅಲ್ಲಿಂದ. ಆ ಬಿಂದು ಪೂರ್ವಕ್ಕೆ ಸ್ವಲ್ಪ ಸರಿದ್ರೆ ಅಲ್ಲಿಂದ ಹೊರಡೋ ಗೆರೆ ಇಡಿಯಾಗಿ ಸರಿಯತ್ತೆ, 200 ನಾಟಿಕಲ್ ಮೈಲು ಅಂದ್ರೆ ಸುಮಾರು 370 ಕಿಲೋಮೀಟರ್ ದೂರದವರೆಗೆ ಅದರ ಪರಿಣಾಮ ಹೋಗತ್ತೆ. ಸಮುದ್ರದ ದೂರ ಅಳೆಯೋಕೆ ಶುರು ಮಾಡೋ ತೀರದ ಗೆರೆಗೆ ಬೇಸ್‌ಲೈನ್ ಅಂತಾರೆ. ಪಾಕಿಸ್ತಾನ 1996ರಲ್ಲಿ ತನ್ನ ಬೇಸ್‌ಲೈನ್ ಪ್ರಕಟಿಸಿತು, ಭಾರತ ಒಪ್ಪಲಿಲ್ಲ. ಭಾರತ 2009ರಲ್ಲಿ ಪ್ರಕಟಿಸಿತು, ಪಾಕಿಸ್ತಾನ ಒಪ್ಪಲಿಲ್ಲ. ಹಾಗಾಗಿ ಅಳಿವೆ ಬಾಯಿಂದ ಆಚೆ ಒಂದು ಪಟ್ಟಿ ನೀರು ಇಬ್ಬರ ಲೆಕ್ಕದಲ್ಲೂ ತಮ್ಮದೇ. ಅಲ್ಲಿ ಇಬ್ಬರೂ ಒಪ್ಪಿದ ಗಡಿ ಅನ್ನೋದು ಇಲ್ವೇ ಇಲ್ಲ, ಪೇಪರಿನವರು "ಗಡಿ ದಾಟಿದ ಮೀನುಗಾರರು" ಅಂತ ಬರೆದಾಗ ನನಗೆ ಕಿರಿಕಿರಿ ಆಗೋದು ಇದಕ್ಕೇ. ರಾಮೇಶ್ವರದ ಕಡೆ ಕತೆ ಬೇರೆ, ಅಲ್ಲಿ ಶ್ರೀಲಂಕಾ ಜೊತೆ 1974 ಮತ್ತು 1976ರ ಒಪ್ಪಂದಗಳಲ್ಲಿ ಗೆರೆ ಎಳೆದಾಗಿದೆ, ಜಗಳ ಇರೋದು ಗೆರೆ ದಾಟೋ ಬಗ್ಗೆ. ಇನ್ನು ಮಲ್ಪೆ ಬೋಟನ್ನ ಗೋವಾದವರೋ ಮಹಾರಾಷ್ಟ್ರದವರೋ ಹಿಡಿದು ದಂಡ ಹಾಕಿದ್ರು ಅಂತ ಬರತ್ತಲ್ಲ, ಅದಂತೂ ಅಂತರರಾಷ್ಟ್ರೀಯ ಕಾನೂನೇ ಅಲ್ಲ, ತೀರದಿಂದ 12 ನಾಟಿಕಲ್ ಮೈಲೊಳಗೆ ಮೀನುಗಾರಿಕೆ ಆಯಾ ರಾಜ್ಯದ ಕೈಲಿರೋದ್ರಿಂದ ಆಗೋ ನಮ್ಮೊಳಗಿನ ತಂಟೆ.

ಈಗ ಕೇಸಿಗೆ ಬರೋಣ, ಇದು ಕಲ್ಪಿಸಿಕೊಂಡಿದ್ದು. ನವೆಂಬರ್ ತಿಂಗಳು, ಪೋರಬಂದರಿನಲ್ಲಿ ರಿಜಿಸ್ಟರ್ ಆದ ಒಂದು ಟ್ರಾಲರ್, ಮಾಲೀಕರು ಗುಜರಾತಿನವರು, ಬೋಟ್ ನಡೆಸೋ ತಾಂಡೇಲ ಮತ್ತು ಕೆಲಸದ ಆರು ಖಲಾಸಿಗಳು ಮುಂಬೈ ಪಕ್ಕದ ಪಾಲ್ಘರ್ ಜಿಲ್ಲೆಯವರು. ಪಾಲ್ಘರ್ ಕಡೆಯಿಂದ ಗುಜರಾತ್ ಬೋಟುಗಳಿಗೆ ಕೆಲಸಕ್ಕೆ ಹೋಗೋರು ನಿಜಕ್ಕೂ ಬಹಳ ಜನ ಇದ್ದಾರೆ. ಅಳಿವೆ ಬಾಯಿಂದ 40 ನಾಟಿಕಲ್ ಮೈಲು ಹೊರಗೆ, ಇಬ್ಬರೂ ತಮ್ಮದು ಅನ್ನೋ ಪಟ್ಟೀಲಿ ಬಲೆ ಎಳೀತಿರೋವಾಗ ಪಾಕಿಸ್ತಾನದ ಮ್ಯಾರಿಟೈಮ್ ಸೆಕ್ಯುರಿಟಿ ಏಜೆನ್ಸಿ ಹಡಗು ಬಂದು ಬೋಟನ್ನ ಕರಾಚಿಗೆ ಎಳ್ಕೊಂಡು ಹೋಗತ್ತೆ, ಏಳೂ ಜನರನ್ನ ಮಲೀರ್ ಜೈಲಿಗೆ ಹಾಕ್ತಾರೆ.

ಮೊದಲು ನೋಡಬೇಕಾದ್ದು ದೂರ. ಗಮನಿಸಿ, ಯಾರದ್ದು ಅಂತಲ್ಲ, ಎಷ್ಟು ದೂರ ಅಂತ. ತೀರದ ಬೇಸ್‌ಲೈನಿಂದ 12 ನಾಟಿಕಲ್ ಮೈಲು, ಅಂದ್ರೆ ಸುಮಾರು 22 ಕಿಲೋಮೀಟರ್ ಒಳಗಿನದ್ದು ಪ್ರಾದೇಶಿಕ ಸಮುದ್ರ, ಅದು ದೇಶದ ನೆಲ ಇದ್ದ ಹಾಗೇನೇ, ಅಲ್ಲಿ ಕದ್ದು ಮೀನು ಹಿಡಿದ್ರೆ ಆ ದೇಶದ ಕಾನೂನಿನಂತೆ ಜೈಲಿಗೂ ಹಾಕಬಹುದು. ಅದರಾಚೆ 200ರವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ದೇಶಕ್ಕೆ ಇರೋದು ಸಾರ್ವಭೌಮತ್ವ ಅಲ್ಲ, ಮೀನು, ಎಣ್ಣೆ, ಗ್ಯಾಸಿನಂಥ ಸಂಪತ್ತಿನ ಮೇಲೆ ಹಕ್ಕು ಅಷ್ಟೇ. ನಮ್ಮ ಬೋಟ್ ಇದ್ದಿದ್ದು 40ರಲ್ಲಿ, ಯಾರ ಬೇಸ್‌ಲೈನ್ ಇಟ್ಕೊಂಡು ಅಳೆದ್ರೂ 12ರ ಒಳಗೆ ಬರೋದಿಲ್ಲ ಅಂತಿಟ್ಕೊಳ್ಳೋಣ. ಈ ಒಂದು ಅಂಶ ಗಟ್ಟಿಯಾದ್ರೆ ಅರ್ಧ ಕೇಸ್ ಗೆದ್ದ ಹಾಗೆ.

ಯಾಕಂದ್ರೆ ಆರ್ಥಿಕ ವಲಯದಲ್ಲಿ ಹಿಡಿದ ಬೋಟಿಗೆ 1982ರ ಸಮುದ್ರ ಕಾನೂನು ಒಪ್ಪಂದದ 73ನೇ ವಿಧಿ ಅನ್ವಯ ಆಗತ್ತೆ. ಭಾರತ 1995ರಲ್ಲಿ, ಪಾಕಿಸ್ತಾನ 1997ರಲ್ಲಿ ಇದಕ್ಕೆ ಅಧಿಕೃತವಾಗಿ ಸೇರಿವೆ, ಹಾಗಾಗಿ ಇಬ್ಬರೂ ಕಟ್ಟುಬಿದ್ದವರೇ. ಆ ವಿಧಿ ಹೇಳೋದನ್ನ ಬಿಡಿಸಿ ಹೇಳ್ತೀನಿ. ತೀರದ ದೇಶ ಬೋಟ್ ಹತ್ತಬಹುದು, ತಪಾಸಣೆ ಮಾಡಬಹುದು, ಹಿಡೀಬಹುದು, ಕೋರ್ಟಿಗೆ ಹಾಕಬಹುದು. ಆದ್ರೆ ತಕ್ಕಮಟ್ಟಿನ ಬಾಂಡ್ ಅಥವಾ ಜಾಮೀನು ಕೊಟ್ಟ ಕೂಡಲೇ ಬೋಟನ್ನೂ ಜನರನ್ನೂ ಬಿಡಬೇಕು. ಹಿಡಿದ ಸುದ್ದಿ, ಹಾಕಿದ ದಂಡ ಎರಡನ್ನೂ ಬೋಟ್ ಯಾವ ದೇಶದ್ದೋ ಆ ದೇಶಕ್ಕೆ ತಡ ಮಾಡದೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯ, ಎರಡೂ ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ರೆ, ಮೀನುಗಾರಿಕೆ ಕಾನೂನು ಮುರಿದಿದ್ದಕ್ಕೆ ಜೈಲು ಶಿಕ್ಷೆ ಕೊಡೋ ಹಾಗೇ ಇಲ್ಲ. ಹಿಂದೆ ಹಳ್ಳೀಲಿ ಯಾರದ್ದೋ ಗದ್ದೆಗೆ ನುಗ್ಗಿದ ದನಾನ ದೊಡ್ಡಿಗೆ ಹಾಕ್ತಿದ್ರಲ್ಲ, ಅದೇ ಲೆಕ್ಕ: ದಂಡ ಕಟ್ಟಿದ್ರೆ ದನ ಬಿಡ್ತಾರೆ, ಗದ್ದೆ ಬದುವಿನ ವ್ಯಾಜ್ಯ ತೀರೋವರೆಗೆ ದನಾನ ಕಟ್ಟಿ ಹಾಕ್ಕೊಂಡಿರೋದಿಲ್ಲ.

ಇಲ್ಲೇ ನಾನು ಹೇಳಿದ "ಒಪ್ಪಿಕೊಂಡ್ರೂ" ವಾದದ ಬಲ ಇರೋದು. ಭಾರತದ ವಕೀಲರು ಆ ನೀರು ಪಾಕಿಸ್ತಾನದ್ದಲ್ಲ ಅಂತ ಸಾಧಿಸಬೇಕಾಗೇ ಇಲ್ಲ. "ನಮ್ಮ ಹಕ್ಕನ್ನ ನಾವು ಬಿಟ್ಟಿಲ್ಲ, ಆದ್ರೆ ನೀವು ಹೇಳೋ ಹಾಗೆ ಅದು ನಿಮ್ಮದೇ ಆರ್ಥಿಕ ವಲಯ ಆಗಿದ್ರೂ 73ನೇ ವಿಧಿ ಪ್ರಕಾರ ಏಳು ಜನ ಜೈಲಲ್ಲಿರೋ ಹಾಗಿಲ್ಲ" ಅಂದ್ರೆ ಸಾಕು, ಎದುರಿನವರು ಗಡಿ ವಾದದಲ್ಲಿ ಗೆದ್ರೂ ಇಲ್ಲಿ ಸೋಲ್ತಾರೆ.

ಒಬ್ಬ ಹೊನ್ನಾವರದ ಹುಡುಗ ಕೇಳಿದ್ದ, "ಸರ್, ಹಾಗಿದ್ರೆ ಇಷ್ಟೊಂದು ಜನ ವರ್ಷಗಟ್ಟಲೆ ಅಲ್ಲಿ ಹೇಗೆ ಇರ್ತಾರೆ?" ಅಂತ. ಸರಿಯಾದ ಪ್ರಶ್ನೆ. ಒಂದು ದಾರಿ ಹೀಗೆ: ಮೀನುಗಾರಿಕೆ ಕಾಯ್ದೆ ಜೊತೆಗೆ ವಿದೇಶಿಯರ ಕಾಯ್ದೇನೂ ಸೇರಿಸಿ ಕೇಸ್ ಹಾಕೋದು, ಅನುಮತಿ ಇಲ್ಲದೆ ದೇಶದೊಳಗೆ ಬಂದ್ರು ಅಂತ. ಸ್ವಲ್ಪ ಯೋಚನೆ ಮಾಡಿ, ಆ ತಾಂಡೇಲ ದೇಶದೊಳಗೆ ಬಂದಿದ್ದು ಹೇಗೆ? ಹಿಡಿದವರೇ ಹಗ್ಗ ಕಟ್ಟಿ ಎಳ್ಕೊಂಡು ಬಂದಿದ್ದಕ್ಕೆ. 40 ಮೈಲಿನ ನೀರು ಯಾವ ದೇಶದ ನೆಲವೂ ಅಲ್ಲ, ಹಾಗಾಗಿ ಅಲ್ಲಿದ್ದಿದ್ದೇ ಅಕ್ರಮ ಪ್ರವೇಶ ಅನ್ನೋಕೆ ಬರೋದಿಲ್ಲ, ನನ್ನ ಕಣ್ಣಿಗೆ ಇದು 73ರ ನಿಷೇಧವನ್ನ ಹಿಂಬಾಗಿಲಿಂದ ದಾಟೋ ತಂತ್ರ. ಪಾಕಿಸ್ತಾನದವರನ್ನ ಮಾತ್ರ ಬೈಯೋಕೆ ಹೊರಟಿಲ್ಲ ನಾನು, ನಮ್ಮ ಕಡೆ ಜೈಲುಗಳಲ್ಲೂ ಅವರ ಮೀನುಗಾರರು ಇರ್ತಾರೆ. ತಮಾಷೆ ಅಂದ್ರೆ ವಿದೇಶಿ ಬೋಟುಗಳ ಬಗ್ಗೆ ಭಾರತದ 1981ರ ಕಾಯ್ದೇಲೇ ಈ ಭೇದ ಅಚ್ಚುಕಟ್ಟಾಗಿದೆ: ಪ್ರಾದೇಶಿಕ ಸಮುದ್ರದಲ್ಲಿ ಹಿಡಿದ್ರೆ 3 ವರ್ಷದವರೆಗೆ ಜೈಲು ಸಾಧ್ಯ, ಆರ್ಥಿಕ ವಲಯದಲ್ಲಾದ್ರೆ ದಂಡ ಮಾತ್ರ.

ಸರಿ, ಹಕ್ಕು ಇದೆ, ಕೇಳೋದು ಎಲ್ಲಿ? ಅದೇ ಒಪ್ಪಂದದ 292ನೇ ವಿಧಿ ಇದಕ್ಕಂತಲೇ ಇರೋ ಶಾರ್ಟ್‌ಕಟ್. ಹಿಡಿದು 10 ದಿನದೊಳಗೆ ಯಾವ ಕೋರ್ಟಿಗೆ ಹೋಗೋದು ಅಂತ ಎರಡೂ ದೇಶ ಒಪ್ಪದಿದ್ರೆ, ಬೋಟಿನ ದೇಶ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರೋ ಸಮುದ್ರ ಕಾನೂನು ಟ್ರಿಬ್ಯೂನಲ್ಲಿಗೆ ಹೋಗಬಹುದು. ಅಲ್ಲಿ ಗಡಿ ಯಾವುದು, ತಪ್ಪು ಯಾರದ್ದು ಅಂತ ವಿಚಾರಣೆ ಮಾಡೋದಿಲ್ಲ, ಬಿಡಬೇಕಾ, ಬಿಡೋದಾದ್ರೆ ಎಷ್ಟು ಬಾಂಡ್, ಇಷ್ಟೇ. ಮಾಲೀಕರಾಗಲಿ ತಾಂಡೇಲನ ಹೆಂಡತಿಯಾಗಲಿ ತಾವಾಗಿ ಅರ್ಜಿ ಹಾಕೋಕೆ ಆಗೋದಿಲ್ಲ, ಬೋಟಿನ ದೇಶವೇ ಹಾಕಬೇಕು ಅಥವಾ ಅದರ ಪರವಾಗಿ ಅಂತ ಅಧಿಕಾರ ಕೊಡಬೇಕು. ಅದಕ್ಕೇ ರಿಜಿಸ್ಟ್ರೇಷನ್ ಕಾಗದ ಅಷ್ಟು ಮುಖ್ಯ.

ಇದು ಕೆಲಸ ಮಾಡತ್ತೆ ಅನ್ನೋದಕ್ಕೆ 2007ರ ಜಪಾನ್-ರಷ್ಯಾ ಜೋಡಿ ಕೇಸುಗಳನ್ನ ನೋಡಬೇಕು, ಎರಡರ ತೀರ್ಪೂ ಒಂದೇ ದಿನ, ಆಗಸ್ಟ್ 6ಕ್ಕೆ ಬಂದಿದ್ದು. ಮೊದಲನೇದು ಹೋಶಿನ್‌ಮಾರು. ಲೈಸೆನ್ಸ್ ಇಟ್ಕೊಂಡೇ ರಷ್ಯಾದ ಆರ್ಥಿಕ ವಲಯದಲ್ಲಿ ಸಾಲ್ಮನ್ ಹಿಡೀತಿದ್ದ ಬೋಟದು, ತಪಾಸಣೇಲಿ ಬೆಲೆಬಾಳೋ ಸಾಕ್‌ಐ ಜಾತಿ ಮೀನನ್ನ ಅಗ್ಗದ ಚಮ್ ಜಾತಿ ಅಂತ ಲೆಕ್ಕ ತೋರಿಸಿದ್ದು ಸಿಕ್ಕಿಬಿತ್ತು. ರಷ್ಯಾ ಮೊದಲು 2.5 ಕೋಟಿ ರೂಬಲ್ ಬಾಂಡ್ ಕೇಳಿ ಆಮೇಲೆ ಸ್ವಲ್ಪ ಇಳಿಸಿತು, ಟ್ರಿಬ್ಯೂನಲ್ ಅದನ್ನ 1 ಕೋಟಿ ರೂಬಲ್ಲಿಗೆ ತಂದು ಬೋಟನ್ನೂ ಜನರನ್ನೂ ಬಿಡಿ ಅಂತು. ಅರ್ಜಿ ಹಾಕಿದ್ದು ಜುಲೈ 6ಕ್ಕೆ, ಒಂದೇ ತಿಂಗಳಲ್ಲಿ ಮುಗೀತು. ಎರಡನೇದು ತೊಮಿಮಾರು. ಆ ಬೋಟನ್ನ ಹಿಡಿದಿದ್ದು 2006ರಲ್ಲೇ, ಅಲ್ಲಿನ ಕೋರ್ಟು ಮುಟ್ಟುಗೋಲು ಹಾಕ್ಕೊಂಡಿತ್ತು, ಹ್ಯಾಂಬರ್ಗ್‌ನಲ್ಲಿ ಕೇಸ್ ನಡೀತಿರೋವಾಗಲೇ ರಷ್ಯಾದ ಸುಪ್ರೀಂ ಕೋರ್ಟ್ ಕೊನೇ ಮೇಲ್ಮನವೀನೂ ವಜಾ ಮಾಡ್ತು. ಇನ್ನು ಬಿಡಿಸೋಕೆ ಏನೂ ಉಳಿದಿಲ್ಲ, ಬಿಡಿ ಅಂದ್ರೆ ಆ ದೇಶದ ಕೋರ್ಟ್ ತೀರ್ಪನ್ನೇ ತಳ್ಳಿಹಾಕಿದ ಹಾಗಾಗತ್ತೆ ಅಂತ ಟ್ರಿಬ್ಯೂನಲ್ ಕೈಚೆಲ್ಲಿತು. ಅದೇ ದೇಶಗಳು, ಅದೇ ಕಾನೂನು, ವ್ಯತ್ಯಾಸ ತಡ ಮಾಡಿದ್ದು ಮಾತ್ರ. ಭಾರತ-ಪಾಕಿಸ್ತಾನದಲ್ಲಿ ಜನ ಎಷ್ಟೋ ಸಲ ವಾಪಸ್ ಬರ್ತಾರೆ, ಬೋಟುಗಳು ಸಾಮಾನ್ಯವಾಗಿ ಅಲ್ಲೇ ಉಳೀತಾವೆ, ಆ ಬೋಟುಗಳ ವಿಷ್ಯದಲ್ಲಿ ತೊಮಿಮಾರು ಗೋಡೆ ಎದುರಿಗೇ ಇದೆ.

ಹಾಗಾದ್ರೆ ಭಾರತ ಹ್ಯಾಂಬರ್ಗ್‌ಗೆ ಯಾಕೆ ಹೋಗಲ್ಲ ಅಂದ್ರೆ, ನನ್ನ ಊಹೆ ಇದು: ಇಬ್ಬರ ಕೈಯಲ್ಲೂ ಇನ್ನೊಬ್ಬರ ಜನ ಇದ್ದಾರೆ, ಒಂದು ಕೇಸ್ ಗೆದ್ರೆ ಅದೇ ನಿಯಮ ನಾಳೆ ನಮಗೂ ತಿರುಗಿ ಬರತ್ತೆ, ಜೊತೆಗೆ 1972ರ ಸಿಮ್ಲಾ ಒಪ್ಪಂದದಿಂದೀಚೆಗೆ ನಮ್ಮಿಬ್ಬರ ವಿಷ್ಯ ನಾವೇ ಮಾತಾಡ್ಕೋತೀವಿ, ಮೂರನೆಯವರು ಬೇಡ ಅನ್ನೋದು ದೆಹಲಿಯ ಹಠ. ಹಾಗಾಗಿ ನಡೆಯೋದು ಬೇರೆ ದಾರಿ. 2008ರ ಕಾನ್ಸುಲರ್ ಒಪ್ಪಂದದಂತೆ ಪ್ರತಿ ಜನವರಿ 1 ಮತ್ತು ಜುಲೈ 1ಕ್ಕೆ ಎರಡೂ ಸರ್ಕಾರ ಕೈದಿಗಳ ಪಟ್ಟಿ ಕೊಟ್ಟು ತಗೋತಾವೆ. 2025ರ ಜನವರಿ ಪಟ್ಟೀಲಿ ಪಾಕಿಸ್ತಾನದ ವಶದಲ್ಲಿ 217 ಮೀನುಗಾರರು, ಭಾರತದ ವಶದಲ್ಲಿ 81 ಮೀನುಗಾರರು ಇದ್ರು. ಹಿಡಿದ ಮೂರು ತಿಂಗಳೊಳಗೆ ಹೈಕಮಿಷನ್ ಅಧಿಕಾರಿಗಳು ಭೇಟಿ ಆಗೋಕೆ ಬಿಡಬೇಕು, ಶಿಕ್ಷೆ ಮುಗಿದು ಇವರು ನಮ್ಮವರೇ ಅಂತ ಖಾತ್ರಿ ಆದ ಒಂದು ತಿಂಗಳಲ್ಲಿ ಕಳಿಸಬೇಕು. ಸಿಕ್ಕಿಹಾಕ್ಕೊಳ್ಳೋದು ಆ "ನಮ್ಮವರೇ ಅಂತ ಖಾತ್ರಿ" ಅನ್ನೋ ಹಂತದಲ್ಲಿ. ಹೆಸರು ಕಾಗುಣಿತ ಕೆಟ್ಟು ಬರತ್ತೆ, ಅಪ್ಪನ ಹೆಸರು ಬೇರೆ ಇರತ್ತೆ, ಊರು ಅಂತ ಬೋಟಿನ ಬಂದರನ್ನ ಬರೆದಿರ್ತಾರೆ, ಖಲಾಸಿಯ ಆಧಾರ್ ಇರೋದು ಪಾಲ್ಘರ್‌ನ ಯಾವುದೋ ಪಾಡಾದಲ್ಲಿ. ಗುಜರಾತಿನ ಪೊಲೀಸರಿಂದ ಮಹಾರಾಷ್ಟ್ರದ ಪೊಲೀಸರಿಗೆ ಕಾಗದ ಓಡಾಡೋದ್ರಲ್ಲಿ ಶಿಕ್ಷೆ ಮುಗಿದ ಮನುಷ್ಯ ಒಳಗೇ ಕೂತಿರ್ತಾನೆ.

ಸಾಕ್ಷಿ ವಿಷ್ಯ ಒಂದು ಹೇಳ್ಬೇಕು, ಇದು ಕ್ಲಾಸಲ್ಲಿ ಯಾರೂ ಕೇಳೋದಿಲ್ಲ. ದೂರ ಮುಖ್ಯ ಅಂದೆನಲ್ಲ, ಆ ದೂರ ಸಾಬೀತು ಮಾಡೋದು ಬೋಟಿನ ಜಿಪಿಎಸ್. ಮುಂಬೈನ ಸಸೂನ್ ಡಾಕ್ ಬಂದರಲ್ಲಿ ಯಾವುದಾದ್ರೂ ಟ್ರಾಲರ್ ಕ್ಯಾಬಿನ್ ಒಳಗೆ ಇಣುಕಿದ್ರೆ ಕಾಣತ್ತೆ, ಸ್ಟೇರಿಂಗ್ ಪಕ್ಕ ಉಪ್ಪು ಹಿಡಿದ ಒಂದು ಸಣ್ಣ ಸ್ಕ್ರೀನು, ಬೋಟ್ ಹೋದ ದಾರಿ ಚುಕ್ಕೆ ಚುಕ್ಕೆಯಾಗಿ, ಬಲೆ ಬಿಟ್ಟ ಜಾಗಕ್ಕೆ ತಾಂಡೇಲ ಕೊಟ್ಟ ನಂಬರು. ಬೋಟ್ ಹಿಡಿದಾಗ ಆ ಡಬ್ಬಾನೂ ಹಿಡಿದವರ ಪಾಲಾಗತ್ತೆ, ಅಂದ್ರೆ ನಮ್ಮ ಸಾಕ್ಷಿ ಎದುರಾಳಿ ಕೈಲಿ. ದಡಕ್ಕೆ ಸಿಗ್ನಲ್ ಕಳಿಸೋ ಟ್ರಾನ್ಸ್‌ಪಾಂಡರ್ ಇದ್ರೆ ಇನ್ನೊಂದು ದಾಖಲೆ ನಮ್ಮ ಕಡೆ ಉಳಿಯತ್ತೆ. ಇಲ್ಲದಿದ್ರೆ ಅವರು 10 ಮೈಲು ಅಂದ್ರೆ 10, ಆಗ ಪ್ರಾದೇಶಿಕ ಸಮುದ್ರ ಆಗೋಯ್ತು, 73ನೇ ವಿಧೀನೂ ಇಲ್ಲ, 292ರ ಶಾರ್ಟ್‌ಕಟ್ಟೂ ಇಲ್ಲ.

ಇಷ್ಟಾದ ಮೇಲೆ ಗಡಿ ಪ್ರಶ್ನೆ ಎತ್ತಿ, ಈಗ ಅದಕ್ಕೆ ಜಾಗ ಇದೆ. ಗಡಿ ಆಗದ ನೀರಲ್ಲಿ ಹಿಡಿದಿದ್ದೇ ತಪ್ಪಾ? 74ನೇ ವಿಧಿಯ ಮೂರನೇ ಭಾಗ, ಒಪ್ಪಂದ ಆಗೋವರೆಗೆ ಇಬ್ಬರೂ ತಾತ್ಕಾಲಿಕ ಏರ್ಪಾಡಿಗೆ ಮನಸ್ಸಿಟ್ಟು ಪ್ರಯತ್ನಿಸಬೇಕು, ಅಂತಿಮ ಒಪ್ಪಂದಕ್ಕೆ ಅಡ್ಡಿ ಆಗೋ ಕೆಲಸ ಮಾಡಬಾರದು ಅನ್ನತ್ತೆ. ಗಯಾನಾ-ಸುರಿನಾಮ್ ಕೇಸಲ್ಲಿ 2007ರಲ್ಲಿ ಟ್ರಿಬ್ಯೂನಲ್ ಒಂದು ಅಳತೆ ಕೊಟ್ಟಿತು: ಸಮುದ್ರ ತಳಕ್ಕೆ ಶಾಶ್ವತ ಬದಲಾವಣೆ ತರೋ ಕೆಲಸ, ಉದಾಹರಣೆಗೆ ಎಣ್ಣೆಗೆ ಬಾವಿ ಕೊರೆಯೋದು, ಒಬ್ಬರೇ ಮಾಡೋ ಹಾಗಿಲ್ಲ. ಅದೇ ಕೇಸಲ್ಲಿ ಸುರಿನಾಮಿನ ಗಸ್ತು ಬೋಟುಗಳು ಎಣ್ಣೆ ರಿಗ್ಗಿಗೆ 12 ಗಂಟೇಲಿ ಜಾಗ ಖಾಲಿ ಮಾಡಿ, ಇಲ್ಲಾಂದ್ರೆ ಆಗೋದಕ್ಕೆ ನೀವೇ ಹೊಣೆ ಅಂದಿದ್ದನ್ನ ಬರೀ ಪೊಲೀಸ್ ಕೆಲಸ ಅಂತ ಒಪ್ಪಲಿಲ್ಲ, ಬಲಪ್ರಯೋಗದ ಬೆದರಿಕೆ ಅಂತು. ಮೀನು ಹಿಡಿಯೋದು ತಳ ಕೊರೆದ ಹಾಗಲ್ಲ, ಹಾಗಾಗಿ ನಮ್ಮ ತಾಂಡೇಲ ಬಲೆ ಹಾಕಿದ್ದು ಆ ಅಳತೆಗೆ ಬರೋದು ಕಷ್ಟ, ಹಿಡಿದವರು ಗುಂಡು ಹಾರಿಸಿದ್ರೆ ಮಾತ್ರ ಅವರ ಕೇಸ್ ಬೇಗ ಕೆಡತ್ತೆ. ಸೈಗಾ ಅನ್ನೋ ಹಡಗಿನ ಕೇಸಲ್ಲಿ ಹ್ಯಾಂಬರ್ಗ್ ಟ್ರಿಬ್ಯೂನಲ್ 1999ರಲ್ಲಿ ಕೊಟ್ಟ ತೀರ್ಪಿನಂತೆ ಮೊದಲು ಸಿಗ್ನಲ್, ಆಮೇಲೆ ಬೋಟಿನ ಮುಂದಿನ ನೀರಿಗೆ ಎಚ್ಚರಿಕೆ ಗುಂಡು, ಇದ್ಯಾವುದೂ ಫಲಿಸದಿದ್ರೆ ಕೊನೆಗೆ ಬಲ, ಅದೂ ಜೀವಕ್ಕೆ ಅಪಾಯ ಆಗದ ಹಾಗೆ.

ಪರಿಹಾರ ಕೇಳೋರಿಗೆ ತಣ್ಣೀರೆರಚೋ ತೀರ್ಪು ಒಂದಿದೆ. 2017ರಲ್ಲಿ ಘಾನಾ-ಐವರಿ ಕೋಸ್ಟ್ ತೀರ್ಪು ಏನಂತು ಅಂದ್ರೆ, ಇಬ್ಬರೂ ಪ್ರಾಮಾಣಿಕವಾಗಿ ನಮ್ದು ಅಂತಿದ್ದ ಜಾಗದಲ್ಲಿ ತೀರ್ಪಿಗೆ ಮೊದಲು ಒಬ್ಬರು ಕೆಲಸ ನಡೆಸಿದ್ರೆ, ಆಮೇಲೆ ಜಾಗ ಇನ್ನೊಬ್ಬರ ಪಾಲಾದ್ರೂ ಹಿಂದಿನದ್ದು ಹಕ್ಕಿನ ಉಲ್ಲಂಘನೆ ಆಗೋದಿಲ್ಲ. ಅದು ಎಣ್ಣೆ ಕೇಸು, ಆದ್ರೆ ತರ್ಕ ಮೀನಿಗೂ ಎಳೀಬಹುದು, ಎರಡೂ ಕಡೆಗೆ. ನಾಳೆ ಆ ಪಟ್ಟಿ ಭಾರತದ್ದೇ ಅಂತ ಆದ್ರೂ "ನಾವು ಆಗ ಒಳ್ಳೇ ನಂಬಿಕೆಯಿಂದಲೇ ಗಸ್ತು ಮಾಡಿದ್ವಿ" ಅಂತ ಪಾಕಿಸ್ತಾನ ಹೇಳಬಹುದು, ಪಟ್ಟಿ ಅವರದ್ದಾದ್ರೆ ನಮ್ಮ ತಾಂಡೇಲನ ಪರವಾಗಿ ನಾವೂ ಅದನ್ನೇ ಹೇಳಬಹುದು. ಮತ್ತೆ ನೋಡಿ, ಗಡಿ ವಾದ ಗೆದ್ರೂ ಕೈಗೆ ಬರೋದು ಕಡಿಮೆ, 73ರ ವಾದದಲ್ಲಿ ಇಂಥ ತೊಡಕಿಲ್ಲ.

ಗಡಿ ತೀರ್ಮಾನ ಆಗೋದು ಹೇಗೆ ಅನ್ನೋಕೆ ಬಾಂಗ್ಲಾದೇಶದ ಕೇಸೇ ಸಾಕು. ಅಲ್ಲಿ 2014ರಲ್ಲಿ ಪಂಚಾಯ್ತಿ ಟ್ರಿಬ್ಯೂನಲ್ ಮೊದಲು 1947ರ ರ‍್ಯಾಡ್‌ಕ್ಲಿಫ್ ನಿರ್ಣಯ ಓದಿ ನೆಲದ ಗಡಿ ಎಲ್ಲಿ ಸಮುದ್ರ ಸೇರತ್ತೆ ಅಂತ ಗುರುತಿಸಿತು, ಆಮೇಲೆ ಸಮದೂರದ ಗೆರೆ ಎಳೆದು ಅದನ್ನ ಸ್ವಲ್ಪ ಸರಿಸಿತು, 25,602 ಚದರ ಕಿಲೋಮೀಟರ್ ವಿವಾದಿತ ನೀರಲ್ಲಿ 19,467 ಬಾಂಗ್ಲಾಕ್ಕೆ ಹೋಯ್ತು, ಭಾರತ ಒಪ್ಪಿಕೊಳ್ತು. ಸರ್ ಕ್ರೀಕ್‌ನಲ್ಲಿ ಮೊದಲ ಹೆಜ್ಜೇಲೇ ನಿಂತಿದೆ: ಪಾಕಿಸ್ತಾನ ಮೊದಲು ಅಳಿವೆ ತೀರ್ಮಾನ ಆಗಲಿ ಅನ್ನತ್ತೆ, ಭಾರತ ಸಮುದ್ರದ ಕಡೆಯಿಂದ ಒಳಗೆ ಗೆರೆ ಎಳ್ಕೊಂಡು ಬರೋಣ, ಅಳಿವೆ ಹತ್ರದ ತಕರಾರು ಆಮೇಲೆ ನೋಡೋಣ ಅಂದಿತ್ತು.

ಅಲ್ಲೀವರೆಗೆ 74ರ ತಾತ್ಕಾಲಿಕ ಏರ್ಪಾಡು ಅಂತ ತೋರಿಸಬಹುದಾದ್ದು ಒಂದೇ ಇದೆ, ನಮ್ಮ ಕೋಸ್ಟ್‌ಗಾರ್ಡ್ ಮತ್ತು ಅವರ ಮ್ಯಾರಿಟೈಮ್ ಏಜೆನ್ಸಿ 2005ರಲ್ಲಿ ಮಾಡ್ಕೊಂಡ ತಿಳುವಳಿಕೆ ಪತ್ರ ಮತ್ತು ಅದರಿಂದ ಬಂದ ಹಾಟ್‌ಲೈನ್. ಪರೀಕ್ಷೇಲಿ ಈ ಕೇಸ್ ಬಂದ್ರೆ ನಾನಾದ್ರೆ ಹೀಗೆ ಬರೀತೀನಿ: ಮೊದಲ ದಿನವೇ ಆ ಹಾಟ್‌ಲೈನಲ್ಲಿ ಬೋಟಿನ ರಿಜಿಸ್ಟ್ರೇಷನ್ ನಂಬರು, ಕೊನೆಗೆ ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ಏಳು ಜನರ ಹೆಸರು ಅಪ್ಪನ ಹೆಸರು ಊರು ಸಮೇತ ಹೇಳಬೇಕು, ಗಡಿ ಬಗ್ಗೆ ನಮ್ಮ ಹಕ್ಕು ಕಾಯ್ದಿರಿಸಿ ಬಾಂಡ್ ಎಷ್ಟು ಅಂತ ಲಿಖಿತವಾಗಿ ಕೇಳಬೇಕು, 10 ದಿನ ಕಳೆದ್ರೆ 292ರ ಅರ್ಜಿ ರೆಡಿ ಇರಬೇಕು, ಅಷ್ಟರೊಳಗೆ ಅಲ್ಲಿನ ಕೋರ್ಟಲ್ಲಿ ಮುಟ್ಟುಗೋಲಿನ ವಿರುದ್ಧ ಮೇಲ್ಮನವೀನೂ ಬಿದ್ದಿರಬೇಕು, ಇಲ್ಲಾಂದ್ರೆ ಆ ಆದೇಶ ಅಲ್ಲೇ ಅಂತಿಮವಾಗಿ ಬೋಟು ತೊಮಿಮಾರು ದಾರಿ ಹಿಡಿಯತ್ತೆ.